ಮೊದಲ ಸಂಬಳಕ್ಕೆ ಮುಂಚಿನ 43 ದಿನ

ಡಿಗ್ರಿ ಮುಗಿಸಿದ ಅಣ್ಣನ ಮಗಳಿಗೋ ಅಕ್ಕನ ಮಗನಿಗೋ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತೆಂದು ಗೊತ್ತಾದ ಕೂಡಲೇ ನೆಂಟರ ಮನೆಗಳಲ್ಲಿ ಒಂದು ಯೋಚನೆ ಶುರುವಾಗುತ್ತದೆ: ಏನಾದರೂ ಕೊಡಬೇಕಲ್ಲ. ಯೋಚನೆ ಸಾಮಾನ್ಯವಾಗಿ ಮೂರು ವಸ್ತುಗಳ ಹತ್ತಿರ ಬಂದು ನಿಲ್ಲುತ್ತದೆ. ಕೈಗಡಿಯಾರ, ಲ್ಯಾಪ್‌ಟಾಪ್ ಬ್ಯಾಗು, ಚಕ್ರದ ಸೂಟ್‌ಕೇಸು. ಮೂರೂ ಒಳ್ಳೆಯ ವಸ್ತುಗಳೇ. ಆದರೆ ಸೋದರಮಾವ ಕೊಡಿಸಿದ ಗಡಿಯಾರದ ಜೊತೆಗೆ ಚಿಕ್ಕಪ್ಪ ಕೊಡಿಸಿದ ಗಡಿಯಾರವೂ ಬಂದಿರುತ್ತದೆ. ಬ್ಯಾಗನ್ನು ಎಷ್ಟೋ ಕಂಪನಿಗಳು ಸೇರಿದ ದಿನವೇ ಲ್ಯಾಪ್‌ಟಾಪ್ ಸಮೇತ ಕೊಟ್ಟುಬಿಡುತ್ತವೆ. ಸೂಟ್‌ಕೇಸು ಪಿಜಿಯ ಮಂಚದ ಕೆಳಗೆ ಸೇರಿದರೆ ಮತ್ತೆ ಹೊರಬರುವುದು ದೀಪಾವಳಿಗೆ ಊರಿಗೆ ಹೊರಡುವಾಗ.

ಆ ಹುಡುಗನಿಗೋ ಹುಡುಗಿಗೋ ನಿಜವಾಗಿ ಕಷ್ಟವಾಗುವುದು ಯಾವಾಗ ಎಂದು ಕೇಳಿಕೊಂಡರೆ ಉತ್ತರ ಸುಲಭ. ಕೆಲಸಕ್ಕೆ ಸೇರಿದ ದಿನದಿಂದ ಮೊದಲ ಸಂಬಳ ಖಾತೆಗೆ ಬೀಳುವ ದಿನದವರೆಗೆ. ಕೆಲಸ ಸಿಕ್ಕಿದೆ ಎಂಬ ಕಾರಣಕ್ಕೇ ಆ ಅವಧಿಯಲ್ಲಿ ಯಾರೂ ಅವರನ್ನು ದುಡ್ಡಿನ ವಿಚಾರ ಕೇಳುವುದಿಲ್ಲ, ಅವರೂ ಬಾಯಿ ಬಿಡುವುದಿಲ್ಲ. "ಕೆಲಸಕ್ಕೆ ಸೇರಿದ ಮೇಲೂ ಅಪ್ಪನ ಹತ್ತಿರ ಕೇಳೋದಾ?" ಎಂಬ ಸಂಕೋಚ ಇರುತ್ತದೆ. ಉಡುಗೊರೆ ಬೀಳಬೇಕಾದದ್ದು ಅಲ್ಲಿ. ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಎಂಬುದು ತಿಳಿಯಬೇಕಾದರೆ ಆ ಅವಧಿಯ ಲೆಕ್ಕವನ್ನು ಒಮ್ಮೆ ಬರೆದು ನೋಡಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿವಮೊಗ್ಗದ ಹುಡುಗಿ, ಇಂಜಿನಿಯರಿಂಗ್ ಮುಗಿಸಿದ್ದಾಳೆ, ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಕೆಲಸ. ಆಫರ್ ಲೆಟರಿನಲ್ಲಿ ವರ್ಷಕ್ಕೆ 4 ಲಕ್ಷ 20 ಸಾವಿರ ಎಂದಿದೆ. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 35 ಸಾವಿರ ಎಂದು ಮನೆಯವರು ಊರಿಗೆಲ್ಲ ಹೇಳಿಬಿಡುತ್ತಾರೆ. ಅದು ಕಂಪನಿ ಅವಳ ಮೇಲೆ ಮಾಡುವ ಒಟ್ಟು ಖರ್ಚು, ಅವಳ ಕೈಗೆ ಬರುವ ಹಣವಲ್ಲ. ಪಿಎಫ್‌ಗೆ ಕಂಪನಿ ಕಟ್ಟುವ ಪಾಲು ಅದರೊಳಗೇ ಇದೆ, ಗ್ರಾಚ್ಯುಟಿಗೆಂದು ತೆಗೆದಿಡುವ ಪಾಲೂ ಅದರೊಳಗೇ ಇದೆ. ಆಮೇಲೆ ಅವಳ ಪಾಲಿನ ಪಿಎಫ್ ಕಡಿತ, ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ. ಈ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. ಎಲ್ಲ ಕಳೆದು ಖಾತೆಗೆ ಬೀಳುವುದು ಹೆಚ್ಚುಕಡಿಮೆ 30 ಸಾವಿರ.

ಅವಳು ಸೇರುವ ದಿನ ಜೂನ್ 18. ಜೂನ್ 30ಕ್ಕೆ ಹನ್ನೆರಡು ಹದಿಮೂರು ದಿನದ ಸಂಬಳವಾದರೂ ಬಂದೀತು ಎಂದು ಅಪ್ಪ ಅಂದುಕೊಂಡಿರುತ್ತಾರೆ. ಬರುವುದಿಲ್ಲ. ಬಹಳಷ್ಟು ಕಂಪನಿಗಳಲ್ಲಿ ಆಯಾ ತಿಂಗಳ ಸಂಬಳದ ಲೆಕ್ಕವನ್ನು ತಿಂಗಳ ನಡುವೆಯೇ, 15ರಿಂದ 20ನೇ ತಾರೀಖಿನ ಸುಮಾರಿಗೆ ಮುಚ್ಚಿಬಿಡುತ್ತಾರೆ. ಇದನ್ನು ಪೇರೋಲ್ ಕಟ್‌ಆಫ್ ಎನ್ನುತ್ತಾರೆ. ಅದು ದಾಟಿದ ಮೇಲೆ ಸೇರಿದವರ ಹೆಸರು ಮುಂದಿನ ತಿಂಗಳ ಪಟ್ಟಿಗೆ ಹೋಗುತ್ತದೆ. ನಮ್ಮ ಹುಡುಗಿಯ ಕಂಪನಿಯಲ್ಲಿ ಕಟ್‌ಆಫ್ 15 ಎಂದಿಟ್ಟುಕೊಂಡರೆ, ಅವಳ ಜೂನ್ ತಿಂಗಳ 13 ದಿನದ ಸಂಬಳವೂ ಜುಲೈ ಸಂಬಳವೂ ಒಟ್ಟಾಗಿ ಜುಲೈ 31ಕ್ಕೆ ಬರುತ್ತದೆ. ಸೇರಿದ ದಿನದಿಂದ 43 ದಿನ. ಅದೇ ಹುಡುಗಿ ಜೂನ್ 10ಕ್ಕೆ ಸೇರಿದ್ದರೆ 20 ದಿನದಲ್ಲಿ ಒಂದಿಷ್ಟು ಹಣ ಕಾಣುತ್ತಿದ್ದಳು. ಎಂಟು ದಿನದ ವ್ಯತ್ಯಾಸಕ್ಕೆ ಕಾಯುವ ಅವಧಿ ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ. ಕಂಪನಿಯ ಎಚ್‌ಆರ್‌ಗೆ ಒಂದು ಸಾಲಿನ ಮೇಲ್ ಹಾಕಿ ಕೇಳಿದರೆ ಕಟ್‌ಆಫ್ ತಾರೀಖು ಹೇಳುತ್ತಾರೆ, ಅದು ಗುಟ್ಟಿನ ವಿಷಯವಲ್ಲ. ಆದರೆ ಹೊಸದಾಗಿ ಸೇರುವವರಿಗೆ ಇಂಥದ್ದೊಂದು ತಾರೀಖು ಇದೆಯೆಂದೇ ಗೊತ್ತಿರುವುದಿಲ್ಲ.

ಈಗ ಆ 43 ದಿನದ ಖರ್ಚು. ಇಬ್ಬರು ಹಂಚಿಕೊಳ್ಳುವ ಪಿಜಿ ಕೋಣೆಗೆ ತಿಂಗಳಿಗೆ 9 ಸಾವಿರ ಎಂದು ಹಿಡಿಯೋಣ. ಬಡಾವಣೆ ನೋಡಿಕೊಂಡು ಇದು ಏರಿಳಿಯುತ್ತದೆ. ಅಡ್ವಾನ್ಸ್ 10 ಸಾವಿರ. ಸೇರಿದ ದಿನ ಮೊದಲ ತಿಂಗಳ ಬಾಡಿಗೆ, ಜುಲೈ 18ಕ್ಕೆ ಎರಡನೆಯದು, ಎರಡೂ ಸಂಬಳಕ್ಕಿಂತ ಮುಂಚೆಯೇ. ಇಷ್ಟಕ್ಕೇ 28 ಸಾವಿರ ಆಯಿತು. ಪಿಜಿಯಲ್ಲಿ ಬೆಳಿಗ್ಗೆ, ರಾತ್ರಿ ಊಟ ಕೊಡುತ್ತಾರೆ. ಕೆಲಸದ ದಿನಗಳ ಮಧ್ಯಾಹ್ನದ ಊಟ ಅವಳದೇ. ದಿನಕ್ಕೆ 80 ರೂಪಾಯಿಯಂತೆ 30 ದಿನಕ್ಕೆ 2,400. ಓಡಾಟಕ್ಕೆ 2,500 ಇಡೋಣ. ಹುಡುಗಿಯಾದ್ದರಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಕಾಸು ಬೇಡ. ಆದರೆ ಎಸಿ ಬಸ್ಸಿಗೆ, ಮೆಟ್ರೋಗೆ, ಮಳೆ ಬಂದ ಸಂಜೆಯ ಆಟೋಗೆ ಅದು ಸಿಗುವುದಿಲ್ಲ. ಹುಡುಗನಾಗಿದ್ದರೆ ಬಸ್ ಪಾಸೂ ಇದಕ್ಕೆ ಸೇರುತ್ತಿತ್ತು. ಹಾಸಿಗೆ ಹೊದಿಕೆ, ಬಕೆಟ್ಟು, ಬೀಗ ಮುಂತಾದ ಸಣ್ಣಪುಟ್ಟದಕ್ಕೆ 2,500. ಆಫೀಸಿಗೆ ಹಾಕಿಕೊಳ್ಳಲು ಎರಡು ಮೂರು ಜೊತೆ ಬಟ್ಟೆ, ಒಂದು ಜೊತೆ ಚಪ್ಪಲಿ ಅಥವಾ ಶೂ, 4 ಸಾವಿರ. ಫೋನ್ ರೀಚಾರ್ಜು, ಸೋಪು, ಔಷಧಿ, ಹೊಸ ಗೆಳತಿಯರ ಜೊತೆಗೊಂದು ಕಾಫಿ, ಇದೆಲ್ಲಕ್ಕೆ 2,600. ಒಟ್ಟು 42 ಸಾವಿರ.

ಜುಲೈ 31ಕ್ಕೆ ಅವಳಿಗೆ ಬರುವ ಹಣ ಸುಮಾರು 43 ಸಾವಿರ, ಅಂದರೆ ಒಂದು ತಿಂಗಳಿನದು 30, ಹದಿಮೂರು ದಿನದ್ದು 13. ಖರ್ಚಿಗೂ ಬಂದದ್ದಕ್ಕೂ ಸರಿಹೋಯಿತಲ್ಲ ಎನ್ನಿಸಬಹುದು. ಸಮಸ್ಯೆ ಇರುವುದೇ ಇಲ್ಲಿ. ಈ 42 ಸಾವಿರವನ್ನು ಅಪ್ಪ ಯಾರ ಹತ್ತಿರವೋ ಕೈಸಾಲ ಮಾಡಿ ಕೊಟ್ಟಿದ್ದರೆ, ಮಗಳು ಮೊದಲ ಸಂಬಳವನ್ನು ಪೂರ್ತಿಯಾಗಿ ಅದಕ್ಕೆ ಕೊಟ್ಟು ಆಗಸ್ಟ್ ತಿಂಗಳನ್ನು ಮತ್ತೆ ಬರಿಗೈಯಲ್ಲಿ ಶುರುಮಾಡುತ್ತಾಳೆ. ಆಗಸ್ಟ್ 18ಕ್ಕೆ ಮತ್ತೆ ಬಾಡಿಗೆ. ಹಳ್ಳ ಮುಚ್ಚುವುದಿಲ್ಲ, ಒಂದು ತಿಂಗಳು ಮುಂದಕ್ಕೆ ಸರಿಯುತ್ತದೆ ಅಷ್ಟೆ. ಈ ಹೊತ್ತಿಗೇ ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪುಗಳ ಜಾಹೀರಾತು ಕಾಣತೊಡಗುತ್ತದೆ, ಸಂಬಳದ ಖಾತೆ ತೆರೆದ ಬ್ಯಾಂಕಿನವರು ಕ್ರೆಡಿಟ್ ಕಾರ್ಡ್ ಬೇಕೇ ಎಂದು ಫೋನ್ ಮಾಡುತ್ತಾರೆ. ಇಪ್ಪತ್ತೆರಡು ವರ್ಷದವರು ಸಾಲದ ಅಭ್ಯಾಸಕ್ಕೆ ಬೀಳುವುದು ಯಾವಾಗಲೂ ದುಂದುಗಾರಿಕೆಯಿಂದಲ್ಲ, ಎಷ್ಟೋ ಸಲ ಈ ಒಂದು ತಿಂಗಳ ಹಳ್ಳದಿಂದ.

ಆದ್ದರಿಂದ ನನ್ನ ಮಟ್ಟಿಗೆ ಮೊದಲ ಕೆಲಸಕ್ಕೆ ಹೊರಟವರಿಗೆ ಕೊಡಬಹುದಾದ ಅತಿ ಒಳ್ಳೆಯ ಉಡುಗೊರೆ ನಗದು. ಮರಳಿ ಕೊಡಬೇಕಾಗಿಲ್ಲದ ನಗದು. ದುಡ್ಡು ಕೊಡುವುದು ಒಣ ಉಡುಗೊರೆ, ಅದರಲ್ಲಿ ಪ್ರೀತಿ ಕಾಣುವುದಿಲ್ಲ ಎಂಬ ಮಾತಿದೆ. ನಮ್ಮಲ್ಲಿ ಮದುವೆಗೆ ಕವರಿನಲ್ಲಿ ಹಾಕಿ, ಮೇಲೊಂದು ರೂಪಾಯಿ ಸೇರಿಸಿ ಕೊಡುವುದು ಇದ್ದೇ ಇದೆ, ಅದರಲ್ಲಿ ಯಾರೂ ಪ್ರೀತಿಯ ಕೊರತೆ ಹುಡುಕುವುದಿಲ್ಲ. ಆದರೆ ಮದುವೆಯ ಮುಯ್ಯಿಗೂ ಇದಕ್ಕೂ ಒಂದು ವ್ಯತ್ಯಾಸ ಇರಬೇಕು. ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ, ನಾಳೆ ಅವರ ಮನೆಯ ಕಾರ್ಯಕ್ಕೆ ಅಷ್ಟೇ ತಿರುಗಿಸುತ್ತಾರೆ. ಕೆಲಸಕ್ಕೆ ಹೊರಟ ಹುಡುಗಿಯ ಹಣ ಆ ಪುಸ್ತಕಕ್ಕೆ ಹೋಗಬಾರದು.

ಕೊಡುವ ಬಗೆ ಮುಖ್ಯ. ಹೊರಡುವ ಹಿಂದಿನ ದಿನ ಮನೆಯಲ್ಲಿ ಊಟ ಹಾಕಿದಾಗ ಎಲೆ ಅಡಿಕೆಯ ಜೊತೆ ಕವರು ಕೊಟ್ಟರೆ ಅದು ಚೆಂದ, ಆದರೆ ಆ ಹಣ ಹಲವು ಮನೆಗಳಲ್ಲಿ ಮಗಳ ಕೈಯಿಂದ ಅಮ್ಮನ ಡಬ್ಬಿಗೆ, ಡಬ್ಬಿಯಿಂದ ಮನೆಯ ಇನ್ಯಾವುದೋ ಬಾಕಿಗೆ ಹೋಗುತ್ತದೆ. ಯಾರ ತಪ್ಪೂ ಅಲ್ಲ, ಮನೆಯಲ್ಲಿ ಬಾಕಿಗಳು ಇದ್ದೇ ಇರುತ್ತವೆ. ಕವರಿನಲ್ಲಿ ನೂರೊಂದು ರೂಪಾಯಿ ಇಟ್ಟು ಶಾಸ್ತ್ರ ಮುಗಿಸಿ, ಉಳಿದದ್ದನ್ನು ಅವಳದೇ ಖಾತೆಗೆ ಕಳಿಸುವುದು ಒಳ್ಳೆಯದು. ಅದನ್ನೂ ಎರಡು ಕಂತು ಮಾಡಿ. ಒಂದು, ಅವಳು ಬೆಂಗಳೂರು ತಲುಪಿದ ದಿನ, ಏಕೆಂದರೆ ಅಡ್ವಾನ್ಸ್ ಮತ್ತು ಮೊದಲ ಬಾಡಿಗೆ ಅವತ್ತೇ ಕೊಡಬೇಕು. ಎರಡನೆಯದು ಸುಮಾರು ಇಪ್ಪತ್ತೈದನೇ ದಿನ, ಎರಡನೇ ಬಾಡಿಗೆಗೆ ವಾರ ಮೊದಲು. ಎರಡನೇ ಕಂತೇ ಹೆಚ್ಚು ಉಪಕಾರಕ್ಕೆ ಬರುತ್ತದೆ, ಏಕೆಂದರೆ ಆ ಹೊತ್ತಿಗೆ ಮನೆಯಿಂದ ತಂದದ್ದು ಮುಗಿದಿರುತ್ತದೆ ಮತ್ತು ಶುಭ ಹಾರೈಸಿದವರೆಲ್ಲ ತಮ್ಮ ತಮ್ಮ ಕೆಲಸದಲ್ಲಿ ಇರುತ್ತಾರೆ.

ಎಷ್ಟು ಎಂಬುದಕ್ಕೆ ನಾನು ಮೊತ್ತ ಹೇಳುವುದಿಲ್ಲ, ಒಂದು ಅಳತೆ ಹೇಳುತ್ತೇನೆ. ಮೇಲಿನ ಪಟ್ಟಿಯಲ್ಲಿ ನಿಮ್ಮ ಶಕ್ತಿಗೆ ಹೊಂದುವ ಒಂದು ಬಾಬತ್ತನ್ನು ಪೂರ್ತಿಯಾಗಿ ಹೊತ್ತುಕೊಳ್ಳಿ. ಒಬ್ಬರು ಮಧ್ಯಾಹ್ನದ ಊಟದ 2,400, ಇನ್ನೊಬ್ಬರು ಓಡಾಟದ 2,500, ಕೈಯಲ್ಲಾಗುವವರು ಒಂದು ತಿಂಗಳ ಬಾಡಿಗೆ. ಬಾಬತ್ತಿನ ಹೆಸರನ್ನೂ ಹೇಳಿಯೇ ಕಳಿಸಿ: "ಇದು ನಿನ್ನ ಮಧ್ಯಾಹ್ನದ ಊಟಕ್ಕೆ ಕಣಮ್ಮ, ಬೇರೆಯದಕ್ಕಲ್ಲ." ಹೀಗೆ ಹೇಳಿದರೆ ತೆಗೆದುಕೊಳ್ಳುವವಳಿಗೆ ಮುಜುಗರ ಕಡಿಮೆ, ಊಟ ಬಿಟ್ಟು ಉಳಿಸುವ ಯೋಚನೆಯೂ ಕಡಿಮೆ. ನಾಲ್ಕು ಮನೆಯವರು ಮಾತಾಡಿಕೊಂಡು ಹಂಚಿಕೊಂಡರೆ ಎರಡು ಗಡಿಯಾರ ಮತ್ತು ಎರಡು ಬ್ಯಾಗಿನ ಬೆಲೆಯಲ್ಲೇ ಈ ಹಳ್ಳದ ಒಳ್ಳೆಯ ಪಾಲು ತುಂಬುತ್ತದೆ.

ತೆರಿಗೆಯ ಭಯ ಕೆಲವರಿಗಿರುತ್ತದೆ, ಅದಕ್ಕೆ ಎರಡು ಮಾತು ಸಾಕು. ತಂದೆ ತಾಯಿ, ಒಡಹುಟ್ಟಿದವರು, ಅಜ್ಜ ಅಜ್ಜಿ, ತಂದೆಯ ಅಥವಾ ತಾಯಿಯ ಒಡಹುಟ್ಟಿದವರು, ಅಂದರೆ ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ, ಇವರು ಕೊಟ್ಟ ಹಣಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ತೆರಿಗೆಯಿಲ್ಲ, ಮೊತ್ತದ ಮಿತಿಯೂ ಇಲ್ಲ. ಚಿಕ್ಕಪ್ಪನ ಮಕ್ಕಳು, ಅಪ್ಪನ ಸ್ನೇಹಿತರು, ನೆರೆಹೊರೆಯವರು ಆ ಪಟ್ಟಿಯಲ್ಲಿ ಬರುವುದಿಲ್ಲ. ಅಂಥವರೆಲ್ಲ ಸೇರಿ ಒಂದು ಹಣಕಾಸು ವರ್ಷದಲ್ಲಿ ಕೊಟ್ಟದ್ದು 50 ಸಾವಿರ ದಾಟಿದರೆ ಮಾತ್ರ ಅಷ್ಟೂ ಹಣ ಅವಳ ಆದಾಯಕ್ಕೆ ಸೇರುತ್ತದೆ. ಮದುವೆಯ ಉಡುಗೊರೆಗೆ ಇರುವ ವಿನಾಯಿತಿ ಪದವಿ ಮುಗಿಸಿದ್ದಕ್ಕೆ ಇಲ್ಲ.

ಕೊಡುವ ಮುನ್ನ ಒಂದನ್ನು ಖಚಿತಪಡಿಸಿಕೊಳ್ಳಿ. ಆಫರ್ ಲೆಟರ್ ಬೇರೆ, ಸೇರುವ ತಾರೀಖು ಬೇರೆ. ಆಫರ್ ಕೊಟ್ಟು ತಿಂಗಳುಗಟ್ಟಲೆ ಸೇರಿಸಿಕೊಳ್ಳದೆ ಮುಂದೂಡುವುದು ಸಾಫ್ಟ್‌ವೇರ್ ಲೋಕದಲ್ಲಿ ಹೊಸದಲ್ಲ. ತಾರೀಖು ಗಟ್ಟಿಯಾಗುವ ತನಕ ನೀವೂ ಏನನ್ನೂ ಕೊಳ್ಳಬೇಡಿ, ಅವರೂ ಪಿಜಿಗೆ ಹಣ ಕಟ್ಟುವುದು ಬೇಡ. ಇನ್ನು, ತರಬೇತಿಗೆಂದೋ ಲ್ಯಾಪ್‌ಟಾಪಿಗೆಂದೋ ಸೆಕ್ಯೂರಿಟಿ ಡಿಪಾಸಿಟ್ ಎಂದೋ ಕೆಲಸ ಕೊಡುವವರೇ ದುಡ್ಡು ಕೇಳಿದರೆ ಅದು ಕೆಲಸವಲ್ಲ, ಮೋಸ. ನಿಮ್ಮ ಉಡುಗೊರೆಯ ಹಣ ಅಲ್ಲಿಗೆ ಹೋಗುತ್ತಿಲ್ಲವೇ ಎಂದು ಒಮ್ಮೆ ಕೇಳಿಬಿಡಿ.

ದುಡ್ಡು ಕೊಡಲಾಗದವರು, ಅಥವಾ ದುಡ್ಡಿಗಿಂತ ಹೆಚ್ಚಿನದನ್ನು ಕೊಡಬಲ್ಲವರು ಒಬ್ಬರಿದ್ದಾರೆ: ಅದೇ ಊರಿನಲ್ಲಿ ಮನೆ ಮಾಡಿಕೊಂಡಿರುವ ನೆಂಟರು. ಹೊಸಬರು ಪಿಜಿಯನ್ನು ಊರಿನಲ್ಲಿ ಕುಳಿತು ಫೋನಿನಲ್ಲಿ ಫೋಟೋ ನೋಡಿ ಹಿಡಿಯುತ್ತಾರೆ, ಅಡ್ವಾನ್ಸನ್ನೂ ಕಳಿಸಿಬಿಡುತ್ತಾರೆ. ಬಂದು ನೋಡಿದರೆ ಕೋಣೆಗೆ ಕಿಟಕಿಯಿಲ್ಲ, ಆಫೀಸಿಗೆ ಎರಡು ಬಸ್ಸು ಬದಲಿಸಬೇಕು. ಹದಿನೈದು ದಿನಕ್ಕೆ ಬೇರೆ ಪಿಜಿ ಹುಡುಕಿ ಹೊರಟರೆ, ಒಂದು ತಿಂಗಳು ಮೊದಲೇ ತಿಳಿಸಲಿಲ್ಲವೆಂದು ಅಡ್ವಾನ್ಸ್ ಹೋಗುತ್ತದೆ. ಮೇಲಿನ ಲೆಕ್ಕದಲ್ಲಿ 10 ಸಾವಿರ ಎಂದಿದ್ದದ್ದು ಹೀಗೆ ನೋಡನೋಡುತ್ತ 20 ಆಗುತ್ತದೆ. ನಿಮ್ಮ ಮನೆಯಲ್ಲಿ ಹತ್ತು ದಿನ ಒಂದು ಚಾಪೆಗೆ ಜಾಗವಿದ್ದರೆ ಅದನ್ನು ಕೊಡಿ. ಅವಳು ಅಲ್ಲಿಂದ ನಾಲ್ಕು ದಿನ ಆಫೀಸಿಗೆ ಹೋಗಿ ಬಂದು, ದಾರಿ ತಿಳಿದುಕೊಂಡು, ಆಮೇಲೆ ಪಿಜಿ ನೋಡಲಿ.

ನೋಡಲು ಹೋಗುವಾಗ ಜೊತೆಗೆ ಹೋಗಿ. ಹಗಲು ಹನ್ನೊಂದು ಗಂಟೆಗೆ ಯಾವ ಪಿಜಿಯೂ ಚೊಕ್ಕಟವಾಗಿಯೇ ಇರುತ್ತದೆ. ರಾತ್ರಿ ಎಂಟರ ಸುಮಾರಿಗೆ ಹೋಗಬೇಕು, ಎಲ್ಲರೂ ಕೆಲಸದಿಂದ ಬಂದು ಊಟಕ್ಕೆ ಕುಳಿತಿರುವಾಗ. ಸಾರು ಹೇಗಿದೆ ಎಂದು ಮಾಲೀಕರನ್ನು ಕೇಳುವುದಕ್ಕಿಂತ ತಟ್ಟೆ ಹಿಡಿದುಕೊಂಡವರನ್ನು ಕೇಳುವುದು ವಾಸಿ. ಬಚ್ಚಲಿನ ನಲ್ಲಿ ತಿರುಗಿಸಿ ನೋಡಿ, ಬಿಸಿನೀರು ಎಷ್ಟು ಗಂಟೆಯವರೆಗೆ ಎಂದು ಕೇಳಿ. ಆಮೇಲೆ ಹಣದ ಪ್ರಶ್ನೆಗಳು. ಬಾಡಿಗೆ ಒಂದನೇ ತಾರೀಖಿನಿಂದ ಲೆಕ್ಕವೋ ಸೇರಿದ ದಿನದಿಂದಲೋ? ತಿಂಗಳ ನಡುವೆ ಸೇರಿದರೂ ಕೆಲವು ಕಡೆ ಪೂರ್ತಿ ತಿಂಗಳ ಬಾಡಿಗೆ ತೆಗೆದುಕೊಳ್ಳುತ್ತಾರೆ. ಬಿಡುವಾಗ ಮೇಂಟೆನೆನ್ಸ್ ಎಂದು ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಳ್ಳುತ್ತೀರಿ, ಎಷ್ಟು ದಿನ ಮೊದಲು ಹೇಳಬೇಕು? ಈ ಉತ್ತರಗಳನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಕೊನೆಗೆ ವಾಟ್ಸ್‌ಆ್ಯಪ್‌ನಲ್ಲಾದರೂ ಅವರಿಂದ ಬರಲಿ. ಇಪ್ಪತ್ತೆರಡರ ಹುಡುಗಿ ಒಬ್ಬಳೇ ಕೇಳಿದರೆ "ಅದೆಲ್ಲ ಆಮೇಲೆ ನೋಡೋಣಮ್ಮ" ಎನ್ನುವವರು, ಜೊತೆಗೆ ತಲೆ ನರೆತವರೊಬ್ಬರು ನಿಂತಿದ್ದರೆ ಉತ್ತರ ಕೊಡುತ್ತಾರೆ. ಇದು ಸರಿಯಲ್ಲ, ಆದರೆ ಇರುವುದು ಹೀಗೆ.

ಇಷ್ಟಾದ ಮೇಲೂ ಕೈಗೆ ಒಂದು ವಸ್ತು ಕೊಟ್ಟರೇ ಸಮಾಧಾನ ಎನ್ನುವವರಿರುತ್ತಾರೆ. ಹಾಗಾದರೆ ಆ ವಸ್ತು ಹೋಗಿ ಕೂರುವ ಜಾಗವನ್ನು ಮೊದಲು ಕಣ್ಣಿಗೆ ತಂದುಕೊಳ್ಳಿ. ಹಂಚಿಕೆಯ ಪಿಜಿ ಕೋಣೆಯಲ್ಲಿ ಅವಳಿಗೆ ಸೇರಿದ್ದು ಒಂದು ಕಿರಿದಾದ ಮಂಚ, ಕಬ್ಬಿಣದ ಬೀರುವಿನ ಒಂದು ಭಾಗ, ಗೋಡೆಯಲ್ಲಿ ಒಂದು ಪ್ಲಗ್ ಪಾಯಿಂಟ್, ಅದೂ ಬಹಳ ಸಲ ಮಂಚದಿಂದ ದೂರದಲ್ಲಿ. ಈ ಜಾಗಕ್ಕೆ ಹೊಂದದೆ ಇರುವುದರಲ್ಲಿ ಮೊದಲನೆಯದು ಅಡುಗೆ ಸಾಮಾನು. "ಹೊರಗಿನ ಊಟ ಆಗಲ್ಲ ಪಾಪ" ಎಂದು ಇಂಡಕ್ಷನ್ ಒಲೆ, ಪುಟ್ಟ ಕುಕ್ಕರ್ ಕೊಡಿಸುವ ಅತ್ತೆಯಂದಿರು ಅನೇಕರು. ಹೆಚ್ಚಿನ ಪಿಜಿಗಳಲ್ಲಿ ಕೋಣೆಯೊಳಗೆ ಅಡುಗೆಗೆ ಬಿಡುವುದಿಲ್ಲ, ಅದಕ್ಕೆ ಕರೆಂಟ್ ಬಿಲ್ ಮಾತ್ರ ಕಾರಣವಲ್ಲ. ಸಾಮಾನ್ಯ ಪ್ಲಗ್ ಪಾಯಿಂಟ್ 6 ಆಂಪಿಯರಿನದು. 230 ವೋಲ್ಟಿನಲ್ಲಿ ಅದು ಹೊರಬಲ್ಲದ್ದು 1,380 ವ್ಯಾಟ್. 2,000 ವ್ಯಾಟಿನ ಇಂಡಕ್ಷನ್ ಒಲೆ ಪೂರ್ತಿ ಉರಿಯಲ್ಲಿ ಎಂಟೂವರೆ ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಅದಕ್ಕೆ ಗೀಸರಿಗೆ ಹಾಕುವಂಥ 16 ಆಂಪಿಯರಿನ ದಪ್ಪ ಪಾಯಿಂಟ್ ಬೇಕು. ಅದಿಲ್ಲದೆ ಅಡಾಪ್ಟರ್ ಸಿಕ್ಕಿಸಿ ಸಣ್ಣ ಪಾಯಿಂಟಿಗೇ ಹಾಕಿದರೆ ಪ್ಲಗ್ಗು ಬಿಸಿಯಾಗುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತದೆ. ಬೆಂಕಿಯ ಮುನ್ಸೂಚನೆ ಅದು. ಅಡುಗೆ ಸಾಮಾನಿಗೆ ಕಾಲ ಬರುತ್ತದೆ, ಆರು ತಿಂಗಳೋ ವರ್ಷವೋ ಕಳೆದು ಇಬ್ಬರು ಮೂವರು ಸೇರಿ ಮನೆ ಹಿಡಿದಾಗ. ಕುಕ್ಕರನ್ನು ಆಗ ಕೊಡಿಸಿ, ಆಗ ಯಾರೂ ಕೊಡುವುದಿಲ್ಲ.

ಪ್ಲಗ್ ದೂರದಲ್ಲಿದೆ ಎಂದೆನಲ್ಲ, ಆ ಕಾರಣಕ್ಕೆ ಒಳ್ಳೆಯದೊಂದು ಎಕ್ಸ್‌ಟೆನ್ಶನ್ ಬೋರ್ಡು ನಿಜವಾದ ಉಡುಗೊರೆ. ಮೂರು ಮೀಟರಾದರೂ ವೈರ್ ಇರಲಿ, ಐಎಸ್‌ಐ ಗುರುತಿರಲಿ, ಫ್ಯೂಸ್ ಇರುವುದಾದರೆ ಇನ್ನೂ ವಾಸಿ. ಫೋನಿಗೆ, ಲ್ಯಾಪ್‌ಟಾಪಿಗೆ ಅದು ಸಾಕು. ಹೀಟರಿಗೆ, ಇಸ್ತ್ರಿ ಪೆಟ್ಟಿಗೆಗೆ ಅದನ್ನು ಬಳಸಬೇಡ ಎಂದು ಹೇಳಿಯೇ ಕೊಡಿ. ಇದರ ಜೊತೆಗೆ ಬೀರುವಿಗೆ ಒಂದು ಗಟ್ಟಿ ಬೀಗ, ಸೋರದ ಒಂದು ಸ್ಟೀಲ್ ಡಬ್ಬಿ. ಕೆಲವು ಪಿಜಿಗಳಲ್ಲಿ ಬೆಳಗಿನ ತಿಂಡಿಯನ್ನೇ ಮಧ್ಯಾಹ್ನಕ್ಕೂ ಕಟ್ಟಿಕೊಂಡು ಹೋಗಲು ಬಿಡುತ್ತಾರೆ. ಡಬ್ಬಿಯಿದ್ದರೆ 80 ರೂಪಾಯಿ ಉಳಿಯಿತು. ಇವೆಲ್ಲ ಸೇರಿದರೂ ಒಂದು ಸಾಧಾರಣ ಗಡಿಯಾರದ ಬೆಲೆಯಾಗುವುದಿಲ್ಲ. ತಿನ್ನುವ ಪೈಕಿ ಚಟ್ನಿಪುಡಿ ಕಳಿಸಿ, ಲಾಡು ಬೇಡ. ಪಿಜಿಯ ಬಣ್ಣಗೆಟ್ಟ ಅನ್ನಕ್ಕೆ ಒಂದು ಚಮಚ ಚಟ್ನಿಪುಡಿ, ಒಂದು ತೊಟ್ಟು ತುಪ್ಪ ಬಿದ್ದರೆ ಊಟ ಇಳಿಯುತ್ತದೆ. ಲಾಡು ಮೊದಲ ಸಂಜೆಯೇ ಮಹಡಿಯವರಿಗೆಲ್ಲ ಹಂಚಿ ಮುಗಿಯುತ್ತದೆ. (ಹಾಗೆ ಹಂಚುವುದರಿಂದ ಗೆಳೆತನ ಆಗುತ್ತದೆ ಎಂದು ನಮ್ಮ ಮನೆಯಲ್ಲೇ ಒಬ್ಬರು ವಾದಿಸುತ್ತಾರೆ. ಇರಲಿ, ಎರಡನ್ನೂ ಕಳಿಸಿ.)

ಚಿನ್ನ ಕೊಡುವವರು ಕೊಡಲಿ, ಆದರೆ ಅದು ಊರಲ್ಲೇ ಇರಲಿ. ಹಂಚಿಕೆಯ ಕೋಣೆಯಲ್ಲಿ ಸರ ಕಳೆದುಹೋದರೆ ನಷ್ಟ ಒಂದು ಕಡೆ, ಜೊತೆಯಲ್ಲಿರುವವರ ಮೇಲೆ ಅನುಮಾನ ಇನ್ನೊಂದು ಕಡೆ. ಸೂಟು ಹೊಲಿಸುವ ಆಸೆ ಇದ್ದವರು, ಆಫೀಸಿನಲ್ಲಿ ಏನು ಹಾಕಿಕೊಳ್ಳುತ್ತಾರೆ ಎಂದು ವಿಚಾರಿಸಿಕೊಂಡು ಮುಂದುವರಿಯಿರಿ. ಬ್ಯಾಂಕಿನಲ್ಲಿ ಇಸ್ತ್ರಿ ಶರಟು ನಡೆಯುವ ಕಡೆ ಸಾಫ್ಟ್‌ವೇರ್ ಕಂಪನಿಯಲ್ಲಿ ಟೀ ಶರಟು ನಡೆಯುತ್ತದೆ.

ಕೊನೆಯದಾಗಿ, ಒಂದು ರೂಪಾಯಿಯೂ ಹೆಚ್ಚು ಖರ್ಚಾಗದ, ಆದರೆ ಅಂಗಡಿಯಲ್ಲಿ ಸಿಗದ ಉಡುಗೊರೆ ಇದೆ. ನಿವೃತ್ತ ಮೇಷ್ಟ್ರು, ಬ್ಯಾಂಕಿನಲ್ಲಿದ್ದವರು, ಕಚೇರಿಯ ಕಾಗದಪತ್ರ ತಿಳಿದವರು ಮನೆತನದಲ್ಲಿ ಒಬ್ಬರಾದರೂ ಇರುತ್ತಾರಲ್ಲ, ಅವರು ಕೊಡಬಹುದಾದದ್ದು. ಅದು ಅವಳ ದಾಖಲೆಗಳನ್ನೆಲ್ಲ ಮೇಜಿನ ಮೇಲೆ ಹರವಿ ಹೆಸರನ್ನು ತಾಳೆ ನೋಡುವುದು. ಕರ್ನಾಟಕದ ಮಕ್ಕಳಿಗೆ ಇದು ಬೇರೆಯವರಿಗಿಂತ ಹೆಚ್ಚು ಕಾಡುತ್ತದೆ, ಕಾರಣ ನಮ್ಮ ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ರಮ್ಯಾ ಕೆ.ಎಸ್. ಎಂದಿರುತ್ತದೆ, ಕಡೂರು ಶಿವಪ್ಪ ಎಂಬುದರ ಸಂಕ್ಷೇಪ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯಬಾರದು, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ರಮ್ಯಾ ಕಡೂರು ಶಿವಪ್ಪ. ಆಧಾರ್ ಮಾಡಿಸುವಾಗ ಯಾರೋ ಬರೀ ರಮ್ಯಾ ಎಂದು ಬರೆದಿರುತ್ತಾರೆ. ಮೂರೂ ಅವಳೇ, ಆದರೆ ಕಂಪ್ಯೂಟರಿಗೆ ಮೂವರು.

ಊರಿನಲ್ಲಿದ್ದಾಗ ಇದರಿಂದ ತೊಂದರೆಯಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಎಲ್ಲ ಒಟ್ಟಿಗೆ ಎದ್ದು ನಿಲ್ಲುತ್ತದೆ. ಸಂಬಳದ ಖಾತೆಗೆ ಪ್ಯಾನ್ ಮತ್ತು ಆಧಾರ್ ಎರಡೂ ಬೇಕು. ಪಿಎಫ್ ಸಂಖ್ಯೆ, ಅಂದರೆ ಯುಎಎನ್, ಆಧಾರಿನಲ್ಲಿರುವ ಹೆಸರಿಗೆ ಅಂಟಿಕೊಂಡಿರುತ್ತದೆ. ಪದವಿಯ ತಪಾಸಣೆ ಮಾಡುವವರು ಅಂಕಪಟ್ಟಿಯ ಹೆಸರು ಹಿಡಿದು ಹುಡುಕುತ್ತಾರೆ. ಎಲ್ಲಿ ಹೊಂದದಿದ್ದರೂ ಅಲ್ಲಿಗೆ ನಿಂತಿತು. ಖಾತೆ ತೆರೆಯುವುದು ತಡವಾದರೆ 43 ದಿನ ಇನ್ನಷ್ಟು ಬೆಳೆಯುತ್ತದೆ. ಸರಿಪಡಿಸಲು ಹೋದರೆ ಹೊಸ ನೌಕರಿಯಲ್ಲಿ ರಜೆ ಕೇಳಬೇಕು, ವಿಳಾಸವೂ ಊರಿನದು.

ಸರಿಪಡಿಸುವುದಕ್ಕೂ ಒಂದು ಕ್ರಮವಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮುಟ್ಟಲು ಹೋಗಬೇಡಿ, ಅದು ಬುಡ. ಮೊದಲು ಆಧಾರ್, ಆಮೇಲೆ ಪ್ಯಾನ್, ಎರಡರಲ್ಲೂ ಒಂದೇ ಅಕ್ಷರ, ಒಂದೇ ಅಂತರ, ಇನಿಷಿಯಲ್ ಬಿಡಿಸಿದ ಒಂದೇ ರೂಪ. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಕೇಂದ್ರದವರು ಕೊಡುವ ಸ್ವೀಕೃತಿ ಚೀಟಿಯಲ್ಲಿ ಕಾಗುಣಿತವನ್ನು ಅಲ್ಲೇ ನಿಂತು ಓದಿಕೊಳ್ಳಿ, ಕನ್ನಡದ್ದನ್ನೂ ಇಂಗ್ಲಿಷಿನದ್ದನ್ನೂ. ಅಂಕಪಟ್ಟಿಯಲ್ಲಿ ಇನಿಷಿಯಲ್ ಉಳಿದೇ ಉಳಿಯುತ್ತದೆ. ಅದಕ್ಕೆ ಈ ಎರಡೂ ಹೆಸರು ಒಬ್ಬಳದೇ ಎಂದು ನೋಟರಿಯ ಮುಂದೆ ಒಂದು ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಲಿ. ಆಧಾರ್ ಕೇಂದ್ರದಲ್ಲಿ ಅರ್ಧ ದಿನ, ಪ್ಯಾನ್ ತಿದ್ದುಪಡಿಗೆ ಕೆಲವು ವಾರ ಹಿಡಿಯುತ್ತದೆ. ಹಾಗಾಗಿ ಇದು ಫಲಿತಾಂಶ ಬಂದ ವಾರವೇ ಆಗಬೇಕಾದ ಕೆಲಸ, ಟ್ರೇನಿನ ಟಿಕೆಟ್ ತೆಗೆಸಿದ ಮೇಲಲ್ಲ. ಅದೇ ಕೂತ ಕೂಟದಲ್ಲಿ ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್, ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಪಾಸ್‌ಪೋರ್ಟ್ ಅಳತೆಯ ಫೋಟೋ ಇಷ್ಟನ್ನು ಒಂದು ಫೈಲಿಗೆ ಸೇರಿಸಿ, ಎಲ್ಲದಕ್ಕೂ ಮೂರು ಮೂರು ಜೆರಾಕ್ಸ್ ತೆಗೆಸಿಕೊಟ್ಟರೆ ಆ ಫೈಲೇ ಉಡುಗೊರೆ. ಕಂಪನಿಗೆ ಜೆರಾಕ್ಸ್ ಕೊಡಲಿ, ಮೂಲ ಪ್ರತಿಯನ್ನು ತೋರಿಸಿ ವಾಪಸು ತರಲಿ.

ಇನ್ನೊಂದು ಮಾತು ನೆಂಟರಿಗೆ. ಮೊದಲ ಸಂಬಳದಲ್ಲಿ ನಮಗೇನು ತರುತ್ತೀಯ ಎಂದು ತಮಾಷೆಗೂ ಕೇಳಬೇಡಿ. ಅಮ್ಮನಿಗೊಂದು ಸೀರೆ, ದೇವರಿಗೊಂದು ಹರಕೆ, ಊರಿಗೆಲ್ಲ ಸ್ವೀಟು ಎಂದು ಹೊರಟರೆ ಆ 43 ಸಾವಿರದಲ್ಲಿ ಮುಂದಿನ ಬಾಡಿಗೆಯೂ ಉಳಿಯುವುದಿಲ್ಲ. ಅದೆಲ್ಲ ನಾಲ್ಕನೇ ಸಂಬಳಕ್ಕೆ ಇರಲಿ.

ಈ ವರ್ಷ ನಿಮ್ಮ ಮನೆತನದಲ್ಲಿ ಯಾರಾದರೂ ಹೊರಡುವವರಿದ್ದರೆ, ಅವರಿಗೆ ಫೋನ್ ಮಾಡಿ. "ಏನು ಬೇಕು ನಿನಗೆ?" ಎಂದು ಕೇಳಬೇಡಿ, "ಏನೂ ಬೇಡ ಅತ್ತೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಸೇರುವ ತಾರೀಖು ಯಾವುದು, ಮೊದಲ ಸಂಬಳ ಎಂದು ಬರುತ್ತದೆ, ಅಲ್ಲಿಯವರೆಗಿನ ಬಾಡಿಗೆಯನ್ನು ಯಾರು ಕಟ್ಟುತ್ತಿದ್ದಾರೆ, ಈ ಮೂರನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಬೇಕೋ ಬ್ಯಾಂಕಿಗೆ ಹೋಗಬೇಕೋ ಎಂದು ತೀರ್ಮಾನಿಸಿ.